ಅಸ್ಥಿಸ್ನಾಯು: ರಚನೆ, ಎಳೆಗಳ ಜಾರುವಿಕೆ ಮತ್ತು ತಂತುಗಳ ಬಗೆಗಳು

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಗೋವಾದಲ್ಲಿ ನರ್ಸಿಂಗ್ ಅಥವಾ ಫಿಸಿಯೋಥೆರಪಿಯ ಮೊದಲ ವರ್ಷದಲ್ಲಿದ್ದು, ವಾಸ್ಕೋದ ನಮ್ಮ ಭಾನುವಾರದ ಪಾಠಕ್ಕೆ ಬರುವ ವಿದ್ಯಾರ್ಥಿಗಳಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಪರೀಕ್ಷೆಯಲ್ಲಿ ಬಳಸಬೇಕಾದ ಪದಗಳನ್ನು ಹಾಗೆಯೇ ಉಳಿಸಿಕೊಂಡು, ವಿವರಣೆಯನ್ನು ಮಾತ್ರ ಕನ್ನಡದಲ್ಲಿ ಕೊಟ್ಟಿದ್ದೇನೆ. ಸ್ನಾಯು ಕುಗ್ಗಿದಾಗ ಅದರೊಳಗಿನ ಎಳೆಗಳ ಉದ್ದ ಬದಲಾಗುವುದಿಲ್ಲ ಎಂಬ ಮಾತನ್ನು ಆರಂಭದಿಂದಲೇ ನೆನಪಿನಲ್ಲಿಟ್ಟುಕೊಂಡು ಓದಿರಿ. ಈ ಅಧ್ಯಾಯದಲ್ಲಿ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ.

ವಯಸ್ಕರ ದೇಹತೂಕದ ಸುಮಾರು 40 ಪ್ರತಿಶತ ಅಸ್ಥಿಸ್ನಾಯುವೇ ಆಗಿದೆ. ಇಡೀ ಸ್ನಾಯುವನ್ನು ಎಪಿಮೈಸಿಯಂ ಎಂಬ ಹೊದಿಕೆ ಸುತ್ತಿರುತ್ತದೆ. ಒಳಗೆ ತಂತುಗಳ ಒಂದೊಂದು ಕಟ್ಟನ್ನೂ ಪೆರಿಮೈಸಿಯಂ, ಒಂದೊಂದು ತಂತುವನ್ನೂ ಎಂಡೋಮೈಸಿಯಂ ಆವರಿಸಿರುತ್ತದೆ. ಈ ಮೂರು ಹೊದಿಕೆಗಳೂ ತುದಿಯಲ್ಲಿ ಸ್ನಾಯುರಜ್ಜುವಿನೊಂದಿಗೆ ಬೆಸೆದುಕೊಂಡಿರುವುದರಿಂದಲೇ ತಂತುಗಳ ಎಳೆತವು ಮೂಳೆಯನ್ನು ತಲುಪುತ್ತದೆ. ಸ್ನಾಯುತಂತು ಎಂದರೆ ಒಂದು ಜೀವಕೋಶ. ಭ್ರೂಣದಲ್ಲಿ ಅನೇಕ ಕೋಶಗಳು ಕೂಡಿಕೊಂಡು ಅದು ರೂಪುಗೊಳ್ಳುವುದರಿಂದ ಅದಕ್ಕೆ ನೂರಾರು ಕೋಶಕೇಂದ್ರಗಳಿದ್ದು, ಅವು ಪೊರೆಯ ಒಳಅಂಚಿಗೆ ಒತ್ತಿಕೊಂಡಿರುತ್ತವೆ. ದಪ್ಪ 10ರಿಂದ 100 ಮೈಕ್ರೋಮೀಟರ್ ಮಾತ್ರವಾದರೂ ಉದ್ದ ಹಲವು ಸೆಂಟಿಮೀಟರ್‌ಗಳಷ್ಟಿರಬಹುದು.

ತಂತುವಿನೊಳಗೆ ಮಯೋಫೈಬ್ರಿಲ್‌ಗಳು ಒತ್ತೊತ್ತಾಗಿ ಉದ್ದಕ್ಕೆ ಸಾಗಿರುತ್ತವೆ. ಪ್ರತಿ ಮಯೋಫೈಬ್ರಿಲ್‌ನಲ್ಲಿ ಸಾರ್ಕೋಮಿಯರ್ ಎಂಬ ಘಟಕಗಳು ಸರಪಳಿಯಂತೆ ಒಂದರ ಹಿಂದೆ ಒಂದು ಜೋಡಿಸಿಕೊಂಡಿರುತ್ತವೆ. ಎರಡು ಝಡ್ ರೇಖೆಗಳ ನಡುವಿನ ಭಾಗವೇ ಒಂದು ಸಾರ್ಕೋಮಿಯರ್. ಅದರ ನಡುವೆ ಸುಮಾರು 1.6 ಮೈಕ್ರೋಮೀಟರ್ ಉದ್ದದ ದಪ್ಪ ಎಳೆಗಳಿವೆ, ಇವು ಮಯೋಸಿನ್‌ನವು. ಎರಡೂ ಝಡ್ ರೇಖೆಗಳಿಂದ ಒಳಮುಖವಾಗಿ ಸುಮಾರು 1 ಮೈಕ್ರೋಮೀಟರ್ ಉದ್ದದ ತೆಳು ಎಳೆಗಳು ಚಾಚಿಕೊಂಡಿವೆ, ಇವು ಆಕ್ಟಿನ್‌ನವು. ದಪ್ಪ ಎಳೆಗಳಿರುವ ಗಾಢ ಪಟ್ಟಿಗೆ ಎ ಪಟ್ಟಿಯೆಂದೂ, ತೆಳು ಎಳೆಗಳು ಮಾತ್ರವಿರುವ ತಿಳಿ ಪಟ್ಟಿಗೆ ಐ ಪಟ್ಟಿಯೆಂದೂ, ಎ ಪಟ್ಟಿಯ ನಡುವೆ ತೆಳು ಎಳೆಗಳು ತಲುಪದ ಜಾಗಕ್ಕೆ ಎಚ್ ವಲಯವೆಂದೂ ಹೆಸರು. ದಪ್ಪ ಎಳೆಯನ್ನು ಝಡ್ ರೇಖೆಗೆ ಕಟ್ಟಿಹಾಕಿ ನಟ್ಟನಡುವೆ ನಿಲ್ಲಿಸುವ ಟೈಟಿನ್ ನಮ್ಮ ದೇಹದ ಅತಿ ದೊಡ್ಡ ಪ್ರೋಟೀನು.

1954ರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗೆರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ಒಂದೇ ತೀರ್ಮಾನಕ್ಕೆ ಬಂದು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅದನ್ನು ಪ್ರಕಟಿಸಿದರು. ಇಬ್ಬರು ಹಕ್ಸ್‌ಲಿಯರೂ ಸಂಬಂಧಿಗಳಲ್ಲ. ಉತ್ತರಪತ್ರಿಕೆಯಲ್ಲಿ ಇಬ್ಬರನ್ನು ಒಬ್ಬರಾಗಿಸಬೇಡಿ. ಅವರು ಕಂಡದ್ದು ಇಷ್ಟು: ಸ್ನಾಯು ಗಿಡ್ಡವಾದಾಗ ಐ ಪಟ್ಟಿ ಮತ್ತು ಎಚ್ ವಲಯ ಕಿರಿದಾಗುತ್ತವೆ, ಎ ಪಟ್ಟಿಯ ಅಗಲ ಹಾಗೆಯೇ ಉಳಿಯುತ್ತದೆ. ಎಳೆಗಳೇ ಮುದುಡುತ್ತಿದ್ದರೆ ಎ ಪಟ್ಟಿಯೂ ಕಿರಿದಾಗಬೇಕಿತ್ತು. ಆದ್ದರಿಂದ ತೆಳು ಎಳೆಗಳು ದಪ್ಪ ಎಳೆಗಳ ನಡುವೆ ಜಾರಿ ಝಡ್ ರೇಖೆಗಳನ್ನು ಹತ್ತಿರಕ್ಕೆ ತರುತ್ತವೆ ಎಂದಾಯಿತು.

ಬೆನಾಲಿಮ್ ಕಡಲತೀರದಲ್ಲಿ ರಾಂಪಣಿ ಬಲೆಯನ್ನು ದಡಕ್ಕೆ ಎಳೆಯುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಸಾಲಾಗಿ ನಿಂತವರೆಲ್ಲ ಒಂದೇ ಕ್ಷಣದಲ್ಲಿ ಹಗ್ಗ ಬಿಟ್ಟರೆ ಬಲೆ ಸಮುದ್ರಕ್ಕೆ ಮರಳುತ್ತದೆ. ಕೆಲವರು ಕೈ ಬದಲಿಸಿ ಮುಂದಕ್ಕೆ ಹಿಡಿಯುವಾಗ ಉಳಿದವರು ಬಿಗಿಹಿಡಿದಿರುತ್ತಾರೆ. ಹಗ್ಗ ಗಿಡ್ಡವಾಗುವುದಿಲ್ಲ, ಎಳೆಯುವವರ ತೋಳುಗಳೂ ಗಿಡ್ಡವಾಗುವುದಿಲ್ಲ, ಬಲೆ ಮಾತ್ರ ಹತ್ತಿರ ಬರುತ್ತದೆ. ಮಯೋಸಿನ್‌ನ ತಲೆಗಳು ಆಕ್ಟಿನ್ ಎಳೆಯ ಮೇಲೆ ಮಾಡುವುದು ಇದೇ ಕೆಲಸ. ವ್ಯತ್ಯಾಸವೆಂದರೆ, ದಪ್ಪ ಎಳೆಯ ಎರಡು ಅರ್ಧಗಳಲ್ಲಿ ತಲೆಗಳು ವಿರುದ್ಧ ದಿಕ್ಕಿಗೆ ಮುಖ ಮಾಡಿರುವುದರಿಂದ ಎರಡೂ ಕಡೆಯ ತೆಳು ಎಳೆಗಳು ನಡುವಿನತ್ತ ಬರುತ್ತವೆ.

ಈಗ ಕ್ರಮವನ್ನು ನೋಡೋಣ. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಬಿಡುಗಡೆಯಾಗಿ ತಂತುವಿನ ಪೊರೆಯಲ್ಲಿ ವಿದ್ಯುತ್ ಸಂಜ್ಞೆ ಹುಟ್ಟುತ್ತದೆ. ಅದು ಟಿ ನಾಳಗಳ ಮೂಲಕ ತಂತುವಿನ ಒಳಕ್ಕಿಳಿದಾಗ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್ ತನ್ನಲ್ಲಿ ಕೂಡಿಟ್ಟಿದ್ದ ಕ್ಯಾಲ್ಸಿಯಮ್ಮನ್ನು ಹೊರಬಿಡುತ್ತದೆ. ವಿಶ್ರಾಂತಿಯಲ್ಲಿ ಟ್ರೋಪೋಮಯೋಸಿನ್ ಆಕ್ಟಿನ್‌ನ ಹಿಡಿತದ ಸ್ಥಳಗಳನ್ನು ಮುಚ್ಚಿರುತ್ತದೆ. ಕ್ಯಾಲ್ಸಿಯಂ ಟ್ರೋಪೋನಿನ್‌ಗೆ ಅಂಟಿಕೊಂಡೊಡನೆ ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ. ಎಡಿಪಿ ಮತ್ತು ಫಾಸ್ಫೇಟನ್ನು ಹೊತ್ತು ಸಿದ್ಧವಾಗಿದ್ದ ಮಯೋಸಿನ್ ತಲೆ ಆಗ ಆಕ್ಟಿನ್ನನ್ನು ಹಿಡಿಯುತ್ತದೆ, ಫಾಸ್ಫೇಟು ಹೊರಬೀಳುವಾಗ ಬಾಗಿ ಎಳೆಯುತ್ತದೆ, ಬಳಿಕ ಎಡಿಪಿಯೂ ಹೊರಬೀಳುತ್ತದೆ. ಹೊಸ ಎಟಿಪಿ ಬಂದು ಕುಳಿತಾಗಲೇ ತಲೆ ಹಿಡಿತ ಬಿಡುತ್ತದೆ. ಆ ಎಟಿಪಿ ಒಡೆದು ಬಂದ ಶಕ್ತಿಯಿಂದ ತಲೆ ಮತ್ತೆ ಸೆಟೆದು ನಿಲ್ಲುತ್ತದೆ. ನರದ ಸಂಜ್ಞೆ ನಿಂತಾಗ ಕ್ಯಾಲ್ಸಿಯಮ್ಮನ್ನು ಒಳಕ್ಕೆ ಮರಳಿ ಪಂಪು ಮಾಡಲೂ ಎಟಿಪಿಯೇ ಬೇಕು.

ಎಟಿಪಿ ಬೇಕಾಗುವುದು ಎಳೆಯುವುದಕ್ಕೆ ಮಾತ್ರ ಎಂದು ಬರೆಯುವವರು ಬಹಳ. ಮಡಗಾಂವ್ ಮಾರುಕಟ್ಟೆಯಲ್ಲಿ ಹಿಡಿದು ಕೆಲವೇ ಗಂಟೆಗಳಾದ ಬಂಗುಡೆಯ ತಲೆಯನ್ನು ಹಿಡಿದು ಅಡ್ಡಲಾಗಿ ಎತ್ತಿದರೆ ಅದು ಜೋಲದೆ ಕೋಲಿನಂತೆ ನೇರ ನಿಲ್ಲುತ್ತದೆ. ಎಟಿಪಿ ಮುಗಿದು, ಮಯೋಸಿನ್ ತಲೆಗಳು ಆಕ್ಟಿನ್ನನ್ನು ಬಿಡಲಾರದೆ ಕಚ್ಚಿಕೊಂಡಿರುವುದೇ ಅದಕ್ಕೆ ಕಾರಣ. ಮನುಷ್ಯನ ಮರಣಾನಂತರದ ಸೆಡೆತವೂ ಇದೇ. ಪ್ರೋಟೀನುಗಳು ಶಿಥಿಲವಾಗತೊಡಗಿದಾಗ ಅದು ಸಡಿಲುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿನೋಡಿ. 12 ಸೆಂಟಿಮೀಟರ್ ಉದ್ದದ ತಂತುವಿನಲ್ಲಿ ಪ್ರತಿ ಸಾರ್ಕೋಮಿಯರ್ 2.4 ಮೈಕ್ರೋಮೀಟರ್ ಇದೆಯೆಂದುಕೊಂಡರೆ, ಒಂದರ ಹಿಂದೊಂದರಂತೆ 50,000 ಸಾರ್ಕೋಮಿಯರ್‌ಗಳಾಗುತ್ತವೆ. ಒಂದೊಂದೂ 0.4 ಮೈಕ್ರೋಮೀಟರ್ ಕಿರಿದಾದರೆ ಇಡೀ ತಂತು 2 ಸೆಂಟಿಮೀಟರ್ ಗಿಡ್ಡವಾಗುತ್ತದೆ. ಕಣ್ಣಿಗೆ ಕಾಣದ ಜಾರುವಿಕೆ ಮೊಣಕೈ ಮಡಿಸುವಷ್ಟು ದೊಡ್ಡದಾಗುವುದು ಹೀಗೆ.

ಎಲ್ಲ ತಂತುಗಳೂ ಒಂದೇ ವೇಗದಲ್ಲಿ ಈ ಕೆಲಸ ಮಾಡುವುದಿಲ್ಲ. ಅದೇ ಬಂಗುಡೆಯನ್ನು ಸೀಳಿದಾಗ ಪಕ್ಕದುದ್ದಕ್ಕೂ ಚರ್ಮದ ಕೆಳಗೆ ಕಡುಗೆಂಪು ಪಟ್ಟಿಯೊಂದು ಕಾಣುತ್ತದೆ, ಉಳಿದ ಮಾಂಸ ತಿಳಿಬಣ್ಣದ್ದು. ದಿನವಿಡೀ ನಿಧಾನವಾಗಿ ಈಜಿಸುವುದು ಆ ಕೆಂಪು ಪಟ್ಟಿ; ಬೆನ್ನಟ್ಟಿದ ಮೀನಿನಿಂದ ತಪ್ಪಿಸಿಕೊಳ್ಳಲು ಒಮ್ಮೆಲೇ ಚಿಮ್ಮಿಸುವುದು ಬಿಳಿ ಭಾಗ. ಮನುಷ್ಯರಲ್ಲಿ ಇವು ಹೀಗೆ ಬೇರೆಬೇರೆ ಗುಂಪಾಗಿರದೆ ಒಂದೇ ಸ್ನಾಯುವಿನಲ್ಲಿ ಬೆರೆತಿರುತ್ತವೆ.

ಟೈಪ್ 1 ತಂತು ನಿಧಾನದ್ದು. ಅದರಲ್ಲಿ ಮಯೋಗ್ಲೋಬಿನ್, ಮೈಟೋಕಾಂಡ್ರಿಯಾ, ರಕ್ತದ ಲೋಮನಾಳಗಳು ಹೆಚ್ಚು. ಆಮ್ಲಜನಕ ಬಳಸಿ ಎಟಿಪಿ ತಯಾರಿಸುವುದರಿಂದ ಬೇಗ ದಣಿಯುವುದಿಲ್ಲ. ಟೈಪ್ 2ಎಕ್ಸ್ ವೇಗದ್ದು. ಅದರ ಮಯೋಸಿನ್ ಎಟಿಪಿಯನ್ನು ಬೇಗ ಒಡೆಯುತ್ತದೆ, ಗ್ಲೈಕೋಜನ್ನನ್ನು ನೆಚ್ಚಿಕೊಂಡು ಬಲವಾಗಿ ಎಳೆದು ಬೇಗ ದಣಿಯುತ್ತದೆ. ಟೈಪ್ 2ಎ ವೇಗವಾಗಿದ್ದೂ ದಣಿವನ್ನು ಸಾಕಷ್ಟು ತಡೆಯುವಂಥದ್ದು. ಹಳೆಯ ಪುಸ್ತಕಗಳು ಹೇಳುವ ಟೈಪ್ 2ಬಿ ಇಲಿಗಳಲ್ಲಿ ಹೇರಳ. ಮನುಷ್ಯನಲ್ಲಿ ಆ ಹೆಸರಿನಿಂದ ಕರೆಯುತ್ತಿದ್ದುದು ವಾಸ್ತವವಾಗಿ 2ಎಕ್ಸ್.

ವಾಸ್ಕೋದಿಂದ ಪಣಜಿಯವರೆಗೆ ಬಸ್ಸಿನಲ್ಲಿ ನಿಂತು ಹೋಗುವಾಗ ದೇಹ ಮುಂದಕ್ಕೆ ಬೀಳದಂತೆ ತಡೆಯುವ ಸೋಲಿಯಸ್‌ನಲ್ಲಿ ಟೈಪ್ 1 ತಂತುಗಳೇ ಬಹುಪಾಲು. ಹೊರಟ ಬಸ್ಸಿಗೆ ಓಡುವಾಗ ಮೀನಖಂಡದ ಮೇಲ್ಪದರದ ಗ್ಯಾಸ್ಟ್ರೋಕ್ನೀಮಿಯಸ್‌ನ ವೇಗದ ತಂತುಗಳೂ ಸೇರಿಕೊಳ್ಳುತ್ತವೆ. ಸಣ್ಣ ನರಕೋಶಗಳು ನಡೆಸುವ ನಿಧಾನದ ತಂತುಗಳು ಮೊದಲು, ಬಲ ಸಾಲದಾದಾಗ ದೊಡ್ಡ ನರಕೋಶಗಳು ನಡೆಸುವವು ನಂತರ, ಎಂಬ ಈ ಸರದಿಗೆ ಗಾತ್ರನಿಯಮವೆಂದು ಹೆಸರು.

ಒಂದು ನರಕೋಶ ನಡೆಸುವ ತಂತುಗಳೆಲ್ಲವೂ ಒಂದೇ ಬಗೆಯವು. 1960ರಲ್ಲಿ ಬುಲ್ಲರ್ ಹಾಗೂ ತಂದೆ-ಮಗಳಾದ ಜಾನ್ ಎಕಲ್ಸ್ ಮತ್ತು ರೋಸಮಂಡ್ ಎಕಲ್ಸ್ ಬೆಕ್ಕುಗಳಲ್ಲಿ ವೇಗದ ಮತ್ತು ನಿಧಾನದ ಸ್ನಾಯುಗಳ ನರಗಳನ್ನು ಅದಲುಬದಲು ಮಾಡಿ ಜೋಡಿಸಿದಾಗ ಸ್ನಾಯುಗಳ ವೇಗವೂ ಹೊಸ ನರಕ್ಕೆ ತಕ್ಕಂತೆ ಬದಲಾಯಿತು. ಬಣ್ಣ ಹಾಕಿದ ಸ್ಲೈಡಿನಲ್ಲಿ ಆರೋಗ್ಯವಂತ ಸ್ನಾಯುವಿನ ಎರಡು ಬಗೆಯ ತಂತುಗಳು ಚದುರಂಗದ ಮಣೆಯಂತೆ ಬೆರೆತು ಕಾಣುತ್ತವೆ. ನರ ಹಾನಿಗೊಂಡು, ಪಕ್ಕದ ನರವು ಅನಾಥವಾದ ತಂತುಗಳಿಗೆ ಕವಲೊಡೆದು ಬಂದಾಗ ಒಂದೇ ಬಗೆಯವು ಗುಂಪುಗುಂಪಾಗಿಬಿಡುತ್ತವೆ. ಬಯಾಪ್ಸಿಯಲ್ಲಿ ಆ ಗುಂಪನ್ನು ಕಂಡ ವೈದ್ಯರು ಸ್ನಾಯುವನ್ನು ಬಿಟ್ಟು ಮೊದಲು ನರವನ್ನು ಪರೀಕ್ಷಿಸುತ್ತಾರೆ.