ಆರೋಗ್ಯ ಪ್ರಶ್ನಾವಳಿ: ಪೋಷಕರ ಮತ್ತು ವಿದ್ಯಾರ್ಥಿಗಳ ಒಪ್ಪಿಗೆ ಪತ್ರ

ಮಾನ್ಯ ಪೋಷಕರೇ, ಪ್ರೀತಿಯ ವಿದ್ಯಾರ್ಥಿಗಳೇ,

ಬೆಂಗಳೂರಿನ ಜಯನಗರದ ನಮ್ಮ ಶಾಲೆಯಲ್ಲಿ 8ರಿಂದ 10ನೇ ತರಗತಿಯವರೆಗಿನ ಮಕ್ಕಳಿಗೆ ಊಟ, ನಿದ್ದೆ, ಆಟ, ಮೊಬೈಲ್ ಬಳಕೆ, ಮುಟ್ಟಿನ ತೊಂದರೆ ಹಾಗೂ ಮನಸ್ಸಿನ ಸ್ಥಿತಿಯ ಬಗ್ಗೆ ಪ್ರಶ್ನಾವಳಿಯೊಂದನ್ನು ಕೊಡಲಾಗುತ್ತಿದ್ದು, ಉತ್ತರಿಸಲು ಒಂದು ಪೀರಿಯಡ್ ಸಾಕಾಗುತ್ತದೆ. ಪೋಷಕರಿಗೆ ಎರಡು ಪುಟಗಳ ಪ್ರತ್ಯೇಕ ಪ್ರಶ್ನೆಗಳಿವೆ. ರಕ್ತಪರೀಕ್ಷೆಯಾಗಲಿ, ಔಷಧಿಯಾಗಲಿ ಇರುವುದಿಲ್ಲ.

18 ವರ್ಷ ತುಂಬದವರಿಗೆ ಪೋಷಕರ ಒಪ್ಪಿಗೆ ಅಗತ್ಯ; ಆದರೆ ಅದಷ್ಟೇ ಸಾಲದು, ಮಗುವೂ ಮನಸಾರೆ ಒಪ್ಪಬೇಕೆಂಬುದು ನಮ್ಮ ದೃಢ ನಿಲುವು. 'ಕಳೆದ ಎರಡು ವಾರಗಳಲ್ಲಿ ಕಾರಣವಿಲ್ಲದೆ ಅಳು ಬಂದಿತ್ತೇ?' ಎಂಬಂತಹ ಪ್ರಶ್ನೆ ಕೆಲವರಿಗೆ ಕಸಿವಿಸಿ ಉಂಟುಮಾಡಬಹುದು. ಅಂಥದನ್ನು ಖಾಲಿ ಬಿಡಬಹುದು, ನಡುವೆಯೇ ನಿಲ್ಲಿಸಲೂಬಹುದು. ಇದರಿಂದ ಅಂಕಗಳ ಮೇಲೆ ಯಾವ ಪರಿಣಾಮವೂ ಆಗದು.

ಉತ್ತರಪತ್ರಿಕೆಯಲ್ಲಿ ಹೆಸರಿನ ಬದಲು ಸಂಖ್ಯೆಯಿರುತ್ತದೆ. ವಿದ್ಯಾರ್ಥಿಯೇ ಅದನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಆಪ್ತಸಮಾಲೋಚಕರಿಗೆ ಒಪ್ಪಿಸಬೇಕು. ತರಗತಿಯ ಶಿಕ್ಷಕರು ಅದನ್ನು ತೆರೆಯುವುದಿಲ್ಲ, ಪೋಷಕರಿಗೂ ತೋರಿಸುವುದಿಲ್ಲ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಆಪ್ತಸಮಾಲೋಚಕರ ಬಳಿ ಮಾತ್ರ ಇರುತ್ತದೆ. ಆದರೆ ಮಗುವಿನ ಪ್ರಾಣಕ್ಕೆ ಅಪಾಯವಿದೆಯೆಂದು ಉತ್ತರಗಳಿಂದ ಕಂಡುಬಂದರೆ ಅವರು ಮೊದಲು ಮಗುವಿನೊಂದಿಗೆ ಮಾತನಾಡಿ, ನಂತರ ಪೋಷಕರಿಗೆ ತಿಳಿಸುತ್ತಾರೆ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆ, 2012ರ ಪ್ರಕಾರ ವರದಿ ಮಾಡುವುದು ಕಡ್ಡಾಯ. ಗೌಪ್ಯತೆಗಿರುವ ಈ ಮಿತಿಗಳನ್ನು ಮುಚ್ಚಿಟ್ಟು ಒಪ್ಪಿಗೆ ಕೇಳುವುದು ಸರಿಯಲ್ಲ. ಮನಸ್ಸಿಗೆ ಭಾರವೆನಿಸಿದರೆ ಟೆಲಿ ಮನಸ್ 14416 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಪೋಷಕರ ಹೇಳಿಕೆ: ಮೇಲಿನದನ್ನು ಓದಿ, ಸಂಶಯಗಳನ್ನು ಕೇಳಿ ತಿಳಿದುಕೊಂಡು, ನನ್ನ ಮಗು ಭಾಗವಹಿಸಲು ಸ್ವ-ಇಚ್ಛೆಯಿಂದ ಒಪ್ಪಿ ಸಹಿ ಮಾಡಿದ್ದೇನೆ.

ವಿದ್ಯಾರ್ಥಿಯ ಹೇಳಿಕೆ: ಬೇಡವೆನಿಸಿದಾಗ ನಿಲ್ಲಿಸಬಹುದೆಂದು ತಿಳಿದು, ಯಾರ ಒತ್ತಾಯವೂ ಇಲ್ಲದೆ ಒಪ್ಪಿ ಸಹಿ ಮಾಡಿದ್ದೇನೆ.