ನಾಳಿ ಕಾರ್ಯಕ್ರಮಕ್ಕ ಏನರ ಬರದು ಕೊಡ್ರಿ

ಸಂಜಿ 7.10

ಸರ್ ನಮಸ್ಕಾರ್ರಿ. ನಾಳಿ ಕಾರ್ಯಕ್ರಮಕ್ಕ ಏನರ ಒಂದು ಬರದು ಕೊಡ್ರಿ. ಚೊಲೊ ಇರ್ಲಿ. ಅರ್ಜೆಂಟ್ ಐತ್ರಿ.

ಸಂಜಿ 7.25

ತಮ್ಮಾ, ಬರೀತೀನಿ, ಇವತ್ತ ರಾತ್ರಿನೇ ಕೊಡ್ತೀನಿ. ಮೂರು ಮಾತು ಮಾತ್ರ ಹೇಳು.

ಯಾವ ಕಾರ್ಯಕ್ರಮ? ನಾಳಿ ಸೆಪ್ಟೆಂಬರ್ 17. ಕಲ್ಯಾಣ ಕರ್ನಾಟಕ ಉತ್ಸವಾನೂ ನಾಳಿನೇ, ವಿಶ್ವಕರ್ಮ ಜಯಂತಿನೂ ನಾಳಿನೇ. ಮುಂಜಾನೆ ಸಾಲಿ ಮುಂದ ಧ್ವಜ ಏರಸೂದೋ, ಬಡಿಗೇರ ಓಣ್ಯಾಗಿನ ಪೂಜೆಯೋ? ಒಂದರ ಮಾತು ಇನ್ನೊಂದಕ್ಕ ಕೂಡೂದಿಲ್ಲ.

ಓದಾವ್ರು ಯಾರು? ಇದನ್ನ ಮರೀದ ಹೇಳು. ಹಿಂದೊಮ್ಮೆ ನಾ ಇದನ್ನ ಕೇಳದ ಬರದು ಕೊಟ್ಟಿದ್ದೆ. ಅತಿಥಿಗಳು ಓದ್ತಾರ ಅಂತ ತಿಳಕೊಂಡು ‘ಏಕೀಕರಣೋತ್ತರ’ ಅನ್ನೋ ಶಬ್ದ ಹಾಕಿದ್ದೆ. ಓದಾಕ ನಿಂತಾಕಿ ಆರನೆತ್ತೆ ಹುಡುಗಿ. ಆ ಶಬ್ದದ ಮುಂದ ಬಂದು ನಿಂತಳು, ಹಾಳಿ ನಡುಗೂದು ಹಿಂದಿನ ಸಾಲಿಗೂ ಕಾಣಸ್ತಿತ್ತು. ತಪ್ಪು ಆಕಿದಲ್ಲ, ನಂದು. ಅವತ್ತಿಂದ ಓದಾವ್ರು ಯಾರಂತ ಕೇಳದ ಪೆನ್ನು ಹಿಡಿಯೂದಿಲ್ಲ.

ಎಷ್ಟು ನಿಮಿಷ ಕೊಟ್ಟಾರ? ಬಿಸಿಲಾಗ ನಿಂತ ಮಕ್ಕಳಿಗೆ ಐದು ನಿಮಿಷ ಭಾಳ ಉದ್ದ.

ಉಳಿದದ್ದು ನಾ ನೋಡ್ಕೋತೀನಿ. ಕನ್ನಡದಾಗ ಬರೀತೀನಿ. ಪೂಜೆ ಇದ್ರ ಕುಶಲಕರ್ಮಿಗಳ ಮ್ಯಾಲೆ ಬರೀತೀನಿ, ಕಿನ್ನಾಳದ ಗೊಂಬಿ ಮಾಡಾವ್ರನ್ನೂ ನೆನಸ್ತೀನಿ. ಧ್ವಜದ ಕಾರ್ಯಕ್ರಮ ಇದ್ರ ಶುರು ಹಿಂಗ ಇರ್ಲಿ, ನೋಡು:

“ಎಲ್ಲರಿಗೂ ನಮಸ್ಕಾರ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ಕೊಪ್ಪಳ ಆಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ನಮ್ಮ ಹಿರಿಯರು ಇನ್ನೂ ಹದಿಮೂರು ತಿಂಗಳು ಕಾದರು. 1948ರ ಸೆಪ್ಟೆಂಬರ್ 17ರಂದು ಆ ಕಾಯುವಿಕೆ ಮುಗಿಯಿತು.”

ಬಳ್ಳಾರಿ ಹೆಸರು ಇಲ್ಲಿ ಬ್ಯಾಡ. ಅದು ಆಗ ಮದ್ರಾಸ್ ಪ್ರಾಂತ್ಯದಾಗಿತ್ತು, 1953ರಾಗ ಮೈಸೂರಿಗೆ ಸೇರ್ತು. ನಿಜಾಮರ ಕಡೆ ಇದ್ದದ್ದು ನಾವು, ರಾಯಚೂರಿನವ್ರು, ಬೀದರ, ಕಲಬುರಗಿಯವ್ರು. ವೇದಿಕಿ ಮ್ಯಾಲೆ ಇದನ್ನ ಕಲಸಿಬಿಟ್ರ ತಿಳಿದ ಹಿರಿಯರಿಗೆ ಬ್ಯಾಸರ ಆಕ್ಕತಿ.

ಸಂಜಿ 7.50

ಧ್ವಜದ್ದರಿ ಸರ್. ಎಂಟನೆತ್ತೆ ಹುಡುಗಿ ಓದ್ತಾಳ್ರಿ. ಎರಡು ನಿಮಿಷ ಕೊಟ್ಟಾರ್ರಿ. ಊರ ಹಿರಿಯರು, ತಾಯಂದಿರು ಎಲ್ಲಾ ಬರ್ತಾರ್ರಿ.

ಸಂಜಿ 7.52

ಆತು, ಹಂಗಾದ್ರ ಒಂದ ಪುಟ ಸಾಕು. ತಾಯಂದಿರು ಬರ್ತಾರ ಅಂದದ್ದು ಚೊಲೊ ಆತು, 371ಜೆ ಬಗ್ಗೆ ಎರಡ ಸಾಲು ಸೇರಸ್ತೀನಿ. ಕಾಲೇಜ್ ಸೀಟು, ನೌಕರಿ ಮೀಸಲಾತಿ ಅದರಿಂದ ಸಿಗ್ತಾವ, ಅವ್ರ ಮಕ್ಕಳಿಗೆ ಬೇಕಾದದ್ದು ಅದು. ಒಂಬತ್ತಕ್ಕ ಕಳಸ್ತೀನಿ. ಮಲಗೂದ್ರೊಳಗ ಆ ಹುಡುಗಿ ಕಡೆ ಒಮ್ಮೆ ಗಟ್ಟಿಯಾಗಿ ಓದಸು, ಎಲ್ಲಿ ತಡವರಿಸ್ತಾಳೋ ಆ ಶಬ್ದ ನನಗ ಹೇಳು, ಬದಲ ಮಾಡಿ ಕೊಡ್ತೀನಿ.