ಮರಡಿಹಳ್ಳಿಯ ದಿಂಬುಗಲ್ಲುಗಳು: ಐದನೆಯ ತರಗತಿಯ ಪುಟ್ಟಿಗಾಗಿ ಒಂದು ವಿಜ್ಞಾನ ಲೇಖನದ ಸಾರಾಂಶ

ಪುಟ್ಟಿ, ನಿಮ್ಮ ಅಪ್ಪ ಕಳುಹಿಸಿದ ಲೇಖನವನ್ನು ಪೂರ್ತಿ ಓದಿದೆ. ಅದನ್ನು ಭೂವಿಜ್ಞಾನ ಓದುವ ಕಾಲೇಜು ವಿದ್ಯಾರ್ಥಿಗಳಿಗಾಗಿ ಬರೆದಿದ್ದಾರೆ. ನಿನಗೆ ಎರಡನೆಯ ಪುಟದಲ್ಲೇ ಬೇಸರ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಶಾಲೆಯವರು ದಾವಣಗೆರೆಯಿಂದ ನಿಮ್ಮನ್ನು ಮರಡಿಹಳ್ಳಿಗೆ ಕರೆದುಕೊಂಡು ಹೋಗುವ ಮೊದಲು ವಿಷಯ ತಿಳಿದಿರಲಿ ಎಂದು ಅದರ ಸಾರವನ್ನು ಬರೆದಿದ್ದೇನೆ. ಸಂಗತಿಗಳೆಲ್ಲ ಲೇಖನದವು, ಮಾತು ಮಾತ್ರ ನಿಮ್ಮ ಅತ್ತೆಯದು.

ಚಿತ್ರದುರ್ಗ ಜಿಲ್ಲೆಯಲ್ಲಿ, ಐಮಂಗಲದ ಹತ್ತಿರ, ಮರಡಿಹಳ್ಳಿ ಎಂಬ ಊರಿದೆ. ಅಲ್ಲಿಯ ಬಂಡೆಗಳನ್ನು ನೋಡಿದರೆ ದುಂಡಗಿನ ಉಬ್ಬುಗಳು ಒಂದರ ಮೇಲೊಂದು, ಒಂದರ ಪಕ್ಕ ಒಂದು ಒತ್ತಿಕೊಂಡು ಕುಳಿತಂತೆ ಕಾಣುತ್ತವೆ. ಒಂದೊಂದು ಉಬ್ಬೂ ದಿಂಬಿನ ಆಕಾರದಲ್ಲಿರುವುದರಿಂದ ವಿಜ್ಞಾನಿಗಳು ಈ ಕಲ್ಲನ್ನು ದಿಂಬು ಲಾವಾ ಎಂದು ಕರೆಯುತ್ತಾರೆ. ಭೂಮಿಯ ಒಳಗೆ ಬಹಳ ಬಿಸಿಯಾಗಿ ಕರಗಿರುವ ಕಲ್ಲು ಹೊರಕ್ಕೆ ಹರಿದು ಬಂದರೆ ಅದೇ ಲಾವಾ. ಈ ಬಗೆಯ ಲಾವಾ ಹೊರಬರುವಾಗ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಿರುತ್ತದೆ. ಹೋಲಿಸಿ ನೋಡಲು ಲೇಖನವೇ ಹೇಳಿರುವಂತೆ, ನೀರು ಕುದಿಯುವುದು 100 ಡಿಗ್ರಿಯಲ್ಲಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಲಾವಾ ದಿಂಬಿನ ಆಕಾರಕ್ಕೆ ಬರಬೇಕಾದರೆ ಅದು ನೀರಿನೊಳಗೆ ಉಕ್ಕಬೇಕು. ಸುಡುವ ಲಾವಾ ತಣ್ಣನೆಯ ನೀರಿಗೆ ತಾಗಿದ ಕೂಡಲೇ ಅದರ ಹೊರಮೈ ಗಟ್ಟಿಯಾಗಿ ತೆಳುವಾದ ಸಿಪ್ಪೆಯಾಗುತ್ತದೆ, ಆದರೆ ಒಳಗಿನ ಲಾವಾ ಇನ್ನೂ ಬಿಸಿಯಾಗಿ ದ್ರವವಾಗಿಯೇ ಇರುತ್ತದೆ. ನಿಮ್ಮ ಅಜ್ಜಿ ಬೆಲ್ಲದ ಪಾಕದ ಹದ ನೋಡಲು ಒಂದು ತೊಟ್ಟನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟಾಗ ಅದು ಹರಡದೆ ಉಂಡೆಯಾಗುವುದನ್ನು ನೀನು ನೋಡಿದ್ದೀಯೆ. ಈ ಹೋಲಿಕೆ ಲೇಖನದಲ್ಲಿಲ್ಲ, ನಿನಗಾಗಿ ನಾನು ಸೇರಿಸಿದ್ದು. ಹಿಂದಿನಿಂದ ಇನ್ನಷ್ಟು ಲಾವಾ ತಳ್ಳುತ್ತಲೇ ಇರುವುದರಿಂದ ಸಿಪ್ಪೆ ಉಬ್ಬುತ್ತದೆ, ಒಂದು ಕಡೆ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಹೊರಬಂದ ಲಾವಾ ಮತ್ತೆ ನೀರಿಗೆ ತಾಗಿ ಮತ್ತೊಂದು ದಿಂಬಾಗುತ್ತದೆ. ಹೀಗೆ ದಿಂಬಿನ ಮೇಲೆ ದಿಂಬು ಬಿದ್ದು ರಾಶಿಯಾಗುತ್ತದೆ. ಇದು ಬರಿಯ ಊಹೆಯಲ್ಲ. 1970ರ ದಶಕದ ಆರಂಭದಲ್ಲಿ ಹವಾಯಿ ದ್ವೀಪದ ಬಳಿ ಮುಳುಗುಗಾರರು ಸಮುದ್ರದೊಳಗೆ ಇಳಿದು, ಲಾವಾ ಹೀಗೆಯೇ ದಿಂಬಾಗುವುದನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದ್ದಾರೆ.

ಹಾಗಾದರೆ ಮರಡಿಹಳ್ಳಿಯ ಕಲ್ಲು ಏನು ಹೇಳುತ್ತದೆ? ಇಂದು ಒಣಭೂಮಿಯಾಗಿರುವ ಆ ಜಾಗ ಒಂದು ಕಾಲದಲ್ಲಿ ನೀರಿನ ಅಡಿಯಲ್ಲಿತ್ತು ಎಂದು ಹೇಳುತ್ತದೆ. ಆ ಕಾಲ ಯಾವುದೆಂದರೆ, ಸುಮಾರು 250 ಕೋಟಿ ವರ್ಷಗಳ ಹಿಂದೆ. ಲೇಖನದಲ್ಲಿ ಇದನ್ನು 2,500 ಮಿಲಿಯನ್ ಎಂದು ಬರೆದಿದ್ದಾರೆ. ಎರಡೂ ಒಂದೇ, ಏಕೆಂದರೆ ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ.

ಕಲ್ಲಿನ ಹತ್ತಿರ ಹೋದಾಗ ಏನನ್ನು ನೋಡಬೇಕು ಎಂಬ ಭಾಗ ಲೇಖನದಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ. ಮೊದಲು ಒಂದು ದಿಂಬಿನ ಅಂಚನ್ನು ನೋಡು. ಅಂಚು ಬಹಳ ಬೇಗ ತಣ್ಣಗಾದದ್ದರಿಂದ ಅಲ್ಲಿ ಕಲ್ಲಿನ ಹರಳುಗಳು ಬೆಳೆಯಲು ಸಮಯ ಸಿಗಲಿಲ್ಲ, ಅದು ಗಾಜಿನಂತಹ ಪದರವಾಯಿತು. ಆ ಗಾಜು ಕಾಲ ಕಳೆದಂತೆ ಬೇರೆ ಖನಿಜಗಳಾಗಿ ಬದಲಾಗಿದೆ. ಒಳಭಾಗ ನಿಧಾನವಾಗಿ ತಣ್ಣಗಾದದ್ದರಿಂದ ಅಲ್ಲಿಯ ಹರಳುಗಳು ಸ್ವಲ್ಪ ದೊಡ್ಡವು. ಕೆಲವು ದಿಂಬುಗಳಲ್ಲಿ ಸಣ್ಣ ಸಣ್ಣ ಗುಂಡಗಿನ ಗುರುತುಗಳಿರುತ್ತವೆ. ಅವು ಲಾವಾದೊಳಗಿದ್ದ ಅನಿಲದ ಗುಳ್ಳೆಗಳ ಜಾಗ.

ಆಮೇಲೆ ದಿಂಬಿನ ಮೇಲ್ಭಾಗವನ್ನೂ ಕೆಳಭಾಗವನ್ನೂ ಬೇರೆ ಬೇರೆಯಾಗಿ ನೋಡು. ಮೇಲ್ಭಾಗ ದುಂಡಗೆ ಉಬ್ಬಿರುತ್ತದೆ. ಕೆಳಭಾಗ ಹಾಗಿರುವುದಿಲ್ಲ: ಹೊಸ ದಿಂಬು ಇನ್ನೂ ಮೆತ್ತಗಿರುವಾಗಲೇ ಹಳೆಯ ಎರಡು ದಿಂಬುಗಳ ಮೇಲೆ ಬಿದ್ದು, ಅವೆರಡರ ನಡುವಿನ ಸಂದಿಗೆ ಇಳಿದು, ಅಲ್ಲಿ ಚೂಪಾದ ಬಾಲದಂತೆ ಗಟ್ಟಿಯಾಗಿರುತ್ತದೆ. ಈ ಬಾಲದಿಂದ ವಿಜ್ಞಾನಿಗಳಿಗೆ ದೊಡ್ಡ ಉಪಯೋಗವಿದೆ. ಭೂಮಿಯ ಮೇಲ್ಪದರ ಬಹಳ ಕಾಲ ಒತ್ತಡಕ್ಕೆ ಸಿಕ್ಕಿದಾಗ ಕಲ್ಲಿನ ಪದರಗಳು ಮಡಚಿಕೊಳ್ಳುತ್ತವೆ, ವಾಲುತ್ತವೆ, ಕೆಲವೊಮ್ಮೆ ತಲೆಕೆಳಗೂ ಆಗುತ್ತವೆ. ಆಗ ಮೊದಲು ಯಾವ ಕಡೆ ಮೇಲಿತ್ತು ಎಂದು ತಿಳಿಯುವುದು ಕಷ್ಟ. ದಿಂಬಿನ ಬಾಲ ಯಾವ ಕಡೆಗಿದೆಯೋ ಆ ಕಡೆ ಮೊದಲು ಕೆಳಗಿತ್ತು. ಬಾಲ ಆಕಾಶದ ಕಡೆಗಿದ್ದರೆ ಪದರ ಮಗುಚಿಕೊಂಡಿದೆ ಎಂದೇ ಅರ್ಥ. ಅಲ್ಲಿಗೆ ಹೋದಾಗ ಒಂದಾದರೂ ಬಾಲವನ್ನು ನೀನೇ ಹುಡುಕಿ, ಅದು ಯಾವ ಕಡೆಗೆ ತಿರುಗಿದೆ ಎಂದು ಬರೆದುಕೊಂಡು ಬಾ.

ಈ ಕಲ್ಲಿನ ಹೆಸರು ಬಸಾಲ್ಟ್. ಹೊಸ ಬಸಾಲ್ಟ್ ಕಪ್ಪಾಗಿರುತ್ತದೆ. ಬಹಳ ಹಳೆಯ ಬಸಾಲ್ಟ್ ನೆಲದೊಳಗಿನ ಬಿಸಿ, ಒತ್ತಡ ಮತ್ತು ನೀರಿಗೆ ಸಿಕ್ಕಿ ಬದಲಾಗಿ, ಹಸಿರು ಬಣ್ಣದ ಖನಿಜಗಳು ಹುಟ್ಟಿ, ಹಸಿರು ಛಾಯೆ ಪಡೆಯುತ್ತದೆ. ಇಂತಹ ಹಳೆಯ ಕಲ್ಲುಗಳ ಉದ್ದನೆಯ ಪಟ್ಟಿಯೊಂದು ಗದಗದ ಕಡೆಯಿಂದ ಚಿತ್ರದುರ್ಗದ ಮೂಲಕ ಶ್ರೀರಂಗಪಟ್ಟಣದ ಕಡೆಗೆ 400 ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ, ಮರಡಿಹಳ್ಳಿಯ ದಿಂಬುಗಳು ಅದರ ಒಂದು ಸಣ್ಣ ಭಾಗ. ಚಿತ್ರದುರ್ಗದ ಕೋಟೆಯಲ್ಲಿ ನೀನು ಹತ್ತಿದ ಬಂಡೆಗಳು ಬೇರೆ ಜಾತಿಯವು. ಅವು ಗ್ರಾನೈಟ್; ಕರಗಿದ ಕಲ್ಲು ಹೊರಗೆ ಉಕ್ಕದೆ ನೆಲದ ಆಳದಲ್ಲೇ ನಿಧಾನವಾಗಿ ತಣ್ಣಗಾಗಿ ಆದವು.

ಉಡುಪಿಯ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಮಾತೂ ಒಂದು ಪುಟದಲ್ಲಿ ಬರುತ್ತದೆ. ಅಲ್ಲಿಯೂ ಲಾವಾ ಗಟ್ಟಿಯಾಗಿದೆ, ಆದರೆ ದಿಂಬಾಗಿಲ್ಲ, ಎತ್ತರದ ಕಂಬಗಳಾಗಿದೆ. ಲಾವಾ ತಣ್ಣಗಾಗುವಾಗ ಕುಗ್ಗಿ, ಮೇಲಿನಿಂದ ಕೆಳಕ್ಕೆ ಬಿರುಕು ಬಿಟ್ಟು, ಕಂಬಗಳು ಉಂಟಾದವು. ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ, ಮರಡಿಹಳ್ಳಿಯ ಕಲ್ಲಿನ ಮುಂದೆ ಬಹಳ ಚಿಕ್ಕದು. ಎರಡು ಜಾಗಗಳನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಗುರುತಿಸಿದೆ.

ಲೇಖನದ ಕೊನೆಯಲ್ಲಿರುವ ದೊಡ್ಡ ಕೋಷ್ಟಕವನ್ನು ನಾನು ಇಲ್ಲಿ ಬಿಡಿಸಿ ಬರೆದಿಲ್ಲ. ಕಲ್ಲಿನ ಪುಡಿಯಲ್ಲಿ ಯಾವ ಯಾವ ವಸ್ತು ಎಷ್ಟಿದೆ ಎಂಬುದು ಅದರಲ್ಲಿದೆ, ಮತ್ತು ಅದರ ಒಟ್ಟು ಅರ್ಥ ಇಷ್ಟೇ: ಕಲ್ಲಿನ ಸುಮಾರು ಅರ್ಧಪಾಲು ಸಿಲಿಕಾ ಎಂಬ ವಸ್ತು, ಉಳಿದ ಪಾಲಿನಲ್ಲಿ ಕಬ್ಬಿಣ ಮತ್ತು ಮೆಗ್ನೀಸಿಯಂ ಸಾಕಷ್ಟಿವೆ, ಆದ್ದರಿಂದ ಇದನ್ನು ಬಸಾಲ್ಟ್ ಎಂದು ಕರೆಯುತ್ತಾರೆ.